ಲಸಿಕೆ ಫ್ರಿಜ್ಜಿಗೆ ಕರೆಂಟ್ ಬಂದದ್ದು

ಹೊನ್ನಮರಡಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಪ್ಪತ್ನಾಲ್ಕು ಗಂಟೆ ಕರೆಂಟ್ ಬಂದದ್ದು ತೊಂಬತ್ತೆಂಟರ ಡಿಸೆಂಬರ್ ಒಂದನೇ ತಾರೀಖು. ಅದನ್ನು ತಂದವರು ಕಸ್ತೂರಮ್ಮ. ಕೇಂದ್ರದ ಹಿರಿಯ ಆರೋಗ್ಯ ಸಹಾಯಕಿ ಆಕೆ. ಒಂದೂವರೆ ವರ್ಷದಲ್ಲಿ ಕರೆಂಟ್ ಆಫೀಸಿಗೆ ಹದಿನೇಳು ಅರ್ಜಿ ಕೊಟ್ಟಿದ್ದರು. ಹರಿಹರ ಪಟ್ಟಣಕ್ಕೆ ನೀರೆತ್ತುವ ಪಂಪಿಗೆ ಹೋಗುವ ಲೈನು ಕೇಂದ್ರದ ಹಿತ್ತಲಿನ ಮೇಲೆಯೇ ಹಾದುಹೋಗುತ್ತಿತ್ತು. ಆ ಲೈನಿನ ಕರೆಂಟು ಹೋಗುತ್ತಿರಲಿಲ್ಲ. "ಊರಿನ ಮಂದಿಗೆ ನೀರು ಎಷ್ಟು ಮುಖ್ಯವೋ ಹಳ್ಳಿ ಕೂಸಿಗೆ ಲಸಿಕೆ ಅಷ್ಟು ಮುಖ್ಯ" ಎಂದು ಹದಿನೇಳು ಸಲವೂ ಬರೆದರು. ಹದಿನೆಂಟನೇದು ಓದುವುದಕ್ಕಿಂತ ಒಂದು ತಂತಿ ಎಳೆಯುವುದು ಸುಲಭ ಎಂದು ಕರೆಂಟ್ ಆಫೀಸಿನವರಿಗೆ ಅನ್ನಿಸಿರಬೇಕು.

ಕರೆಂಟು ಬಂದ ದಿನ ಕೇಂದ್ರದಲ್ಲಿ ಪೇಡ ಹಂಚಿದರು. ಅದನ್ನು ಅತಿ ಹೆಚ್ಚು ತಿಂದವರು ಫಾರ್ಮಸಿಸ್ಟ್ ವಾಮದೇವಪ್ಪ. ಲಸಿಕೆಯ ಫ್ರಿಜ್ಜು ಅವರ ಸುಪರ್ದಿನಲ್ಲಿತ್ತು.

ಆ ಫ್ರಿಜ್ಜು ಮನೆಯ ಫ್ರಿಜ್ಜಿನಂಥದ್ದಲ್ಲ. ಬಾಗಿಲು ಮೇಲ್ಗಡೆ. ಒಳಗೋಡೆಯಲ್ಲಿ ಮಂಜುಗಡ್ಡೆಯ ಪದರ ಇರುತ್ತದೆ. ದಿನಕ್ಕೆ ಎಂಟು ಗಂಟೆ ಕರೆಂಟ್ ಸಿಕ್ಕರೆ ಉಳಿದ ಹದಿನಾರು ಗಂಟೆ ಆ ಮಂಜಿನ ಬಲದಲ್ಲೇ ತಣ್ಣಗಿರುತ್ತದೆ. ಒಳಗೆ ಎರಡು ಡಿಗ್ರಿಗಿಂತ ಕೆಳಗೆ ಹೋಗಬಾರದು, ಎಂಟಕ್ಕಿಂತ ಮೇಲೆ ಏರಬಾರದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಒಳಗಿನ ಮುಳ್ಳಿನ ಥರ್ಮಾಮೀಟರ್ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಈ ನಿಯಮಗಳೆಲ್ಲ ಗೋಡೆಯ ಮೇಲಿನ ಪಟದಲ್ಲಿದ್ದವು. ಪಟದಲ್ಲಿ ಇನ್ನೊಂದು ನಿಯಮವೂ ಇತ್ತು: ಬಾಗಿಲನ್ನು ಪದೇ ಪದೇ ತೆಗೆಯಬಾರದು.

ವಾಮದೇವಪ್ಪ ಈ ಕೊನೆಯ ನಿಯಮಕ್ಕೆ ಬಹಳ ನಿಷ್ಠರು. ಥರ್ಮಾಮೀಟರ್ ನೋಡಬೇಕೆಂದರೆ ಬಾಗಿಲು ತೆಗೆಯಬೇಕು, ತೆಗೆದರೆ ತಂಪು ಹೋಗುತ್ತದೆ. ಹಾಗಾಗಿ ಚುಚ್ಚುಮದ್ದಿನ ಗುರುವಾರ ಬಿಟ್ಟರೆ ಅವರು ತೆಗೆಯುತ್ತಲೇ ಇರಲಿಲ್ಲ. ರಿಜಿಸ್ಟರಿನಲ್ಲಿ ಮಾತ್ರ ದುಂಡಗಿನ ಅಕ್ಷರದಲ್ಲಿ ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು ಎಂದು ಬರೆಯುತ್ತಿದ್ದರು. ನಾಲ್ಕೇ ಯಾಕೆಂದರೆ, ಹಿಂದೊಮ್ಮೆ ತಪಾಸಣೆಗೆ ಬಂದಿದ್ದ ಸಾಹೇಬರು ನಾಲ್ಕು ನೋಡಿ 'ವೆರಿಗುಡ್' ಎಂದು ಬರೆದು ಹೋಗಿದ್ದರು. ಒಮ್ಮೆ ಮೆಚ್ಚುಗೆ ಸಿಕ್ಕ ಉತ್ತರವನ್ನು ಬದಲಿಸುವಷ್ಟು ದಡ್ಡರಲ್ಲ ವಾಮದೇವಪ್ಪ. ಆರು ವರ್ಷದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಸಲ ನಾಲ್ಕು ಬರೆದಿದ್ದರು. ಆ ರಿಜಿಸ್ಟರಿನ ಅಂದಕ್ಕೇ ಈ ಸಲ ಕೇಂದ್ರವನ್ನು 'ಮಾದರಿ ಕೇಂದ್ರ' ಎಂದು ಆರಿಸಿದ್ದರು. ಜನವರಿ ಇಪ್ಪತ್ತಾರಕ್ಕೆ ದಾವಣಗೆರೆಯಲ್ಲಿ ಪ್ರಶಸ್ತಿ ಪತ್ರ ಕೊಡುವುದೆಂದು ಕಾಗದ ಬಂದಿತ್ತು.

ಹಾಗೆಂದು ಅವರು ಬೇಜವಾಬ್ದಾರಿ ಮನುಷ್ಯರಲ್ಲ. ಕರೆಂಟು ದಿನಕ್ಕೆ ಐದಾರು ಗಂಟೆಯೂ ಸರಿಯಾಗಿ ಇರದಿದ್ದ ಕಾಲದಲ್ಲಿ ಲಸಿಕೆ ಉಳಿಸಿದವರು ಅವರೇ. ಫ್ರಿಜ್ಜಿನ ತಂಪು ಹೆಚ್ಚುಕಡಿಮೆ ಮಾಡುವ ನಾಬನ್ನು ಕಡೇ ಗೀಟಿಗೆ ತಿರುಗಿಸಿ, ಯಾರೂ ಮುಟ್ಟದಂತೆ ಅದರ ಮೇಲೆ ಪ್ಲಾಸ್ಟರ್ ಅಂಟಿಸಿದ್ದರು. ಬಂದಷ್ಟು ಕರೆಂಟಿನಲ್ಲಿ ಕುಡಿಯುವಷ್ಟು ತಂಪು ಕುಡಿದುಕೊಳ್ಳಲಿ ಎಂಬ ಲೆಕ್ಕ. ಆ ಲೆಕ್ಕ ಸರಿಯಾಗಿಯೇ ಇತ್ತು, ಕರೆಂಟು ಕೈಕೊಡುತ್ತಿದ್ದ ತನಕ.

ಈಗ ಕರೆಂಟು ಕೈಕೊಡುವುದನ್ನು ಬಿಟ್ಟಿತು. ಕಸ್ತೂರಮ್ಮ ಅದೇ ವಾರ ಪೋಲಿಯೋ ಕೆಲಸದ ಮೇಲೆ ದಾವಣಗೆರೆಗೆ ಹೋದರು. ತರಬೇತಿ, ಎಸ್.ಎಸ್. ಬಡಾವಣೆಯ ಬೂತುಗಳ ಉಸ್ತುವಾರಿ, ಆಮೇಲೆ ಅದರ ವರದಿ, ಹೀಗೆ ಮೂರು ವಾರ. ಪ್ಲಾಸ್ಟರ್ ಅಂಟಿದ ನಾಬು ಕಡೇ ಗೀಟಿನಲ್ಲೇ ಇತ್ತು.

ಡಿಸೆಂಬರ್ ಇಪ್ಪತ್ನಾಲ್ಕು, ಗುರುವಾರ, ಚುಚ್ಚುಮದ್ದಿನ ದಿನ. ಬೆಳಿಗ್ಗೆ ಒಂಬತ್ತಕ್ಕೆ ಕಸ್ತೂರಮ್ಮ ಫ್ರಿಜ್ಜಿನ ಬಾಗಿಲು ತೆಗೆದರು. ಡಿಪಿಟಿ, ಟಿಟಿ ಲಸಿಕೆಯ ಸೀಸೆಗಳು ಮೇಲಿನ ಬುಟ್ಟಿಯಲ್ಲಿರಬೇಕಿತ್ತು, ಇರಲಿಲ್ಲ. ತಳಕ್ಕೆ ಕೈಹಾಕಿದರು. ಒಂದು ಸೀಸೆ ಹಿಡಿದು ಎಳೆದರೆ ಪಕ್ಕದ ಮೂರು ಜೊತೆಗೇ ಬಂದವು. ಬೆಳಕಿಗೆ ಹಿಡಿದರು. ಒಳಗಿನ ಔಷಧಿ ಅಲುಗಾಡಲಿಲ್ಲ, ಕಲ್ಲುಸಕ್ಕರೆ ಹಾಗೆ ಗಟ್ಟಿ. ಥರ್ಮಾಮೀಟರಿನ ಮುಳ್ಳು ಸೊನ್ನೆ ದಾಟಿ ಕೆಳಗೆ ನಾಲ್ಕಕ್ಕೆ ನಿಂತಿತ್ತು.

"ವಾಮದೇವಪ್ಪಾರೆ, ಬರ್ರಿ ಇಲ್ಲಿ."

ವಾಮದೇವಪ್ಪ ಕನ್ನಡಕ ಒರೆಸಿಕೊಳ್ಳುತ್ತ ಬಂದರು. ನೋಡಿದರು. ಮುಖ ಅರಳಿತು.

"ಏನ್ ತಂಪು ಅಕ್ಕಾರೆ! ನಿಮ್ಮ ಕರೆಂಟಿನ ಪುಣ್ಯ."

"ಇದು ಎಷ್ಟೈತೆ ನೋಡ್ರಿ."

"ನಾಲ್ಕು."

"ಸೊನ್ನೆ ಕೆಳಗಿನ ನಾಲ್ಕು."

"ನಾಲ್ಕಂತೂ ಹೌದಲ್ಲ," ಎಂದರು ವಾಮದೇವಪ್ಪ. "ಹಿಂದೊಂದು ಮೈನಸ್ ಗೀಟು ಎಳದ್ರೆ ಆತು."

"ಡಿಪಿಟಿ ತಳದಾಗ ಯಾಕ ಇಟ್ರಿ?"

"ಎಲ್ಲಕ್ಕಿಂತ ಹೆಚ್ಚು ಬೇಕಾಗೋ ಔಷಧಿ ಅದು. ಚಲೋ ತಂಪಿರೋ ಜಾಗ ಅದಕ್ಕೇ ಕೊಟ್ಟೆ. ಪೋಲಿಯೋ ಹನೀನ ಐಸಿನಾಗೇ ಇಡ್ತಾರಲ್ಲ, ಅದಕ್ಕೊಂದು ನ್ಯಾಯ, ಇದಕ್ಕೊಂದು ನ್ಯಾಯನಾ?"

ನ್ಯಾಯ ಬೇರೆಯೇ. ಪೋಲಿಯೋ, ದಡಾರದ ಲಸಿಕೆ ಗಡ್ಡೆಕಟ್ಟಿದರೂ ಕೆಡುವುದಿಲ್ಲ, ಅವಕ್ಕೆ ಶಾಖವೇ ವೈರಿ. ಮಕ್ಕಳ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುವಿಗೆ ಕೊಡುವ ಡಿಪಿಟಿಯೂ ಬಸುರಿಯರಿಗೆ ಕೊಡುವ ಟಿಟಿಯೂ ಒಮ್ಮೆ ಗಡ್ಡೆಕಟ್ಟಿದರೆ ಮುಗಿಯಿತು. ಕರಗಿಸಿದರೆ ಮೇಲ್ನೋಟಕ್ಕೆ ಮೊದಲಿನ ಹಾಗೇ ಇರುತ್ತದೆ, ಚುಚ್ಚಿದರೆ ಕೂಸು ಮೊದಲಿನ ಹಾಗೇ ಅಳುತ್ತದೆ. ರೋಗ ತಡೆಯುವ ಶಕ್ತಿಯನ್ನು ಮಾತ್ರ ನಂಬುವಂತಿಲ್ಲ. ಕಸ್ತೂರಮ್ಮ ಕೆಲಸಕ್ಕೆ ಸೇರಿದ ವರ್ಷ ಗಂಟಲುಮಾರಿಯ ಕೂಸೊಂದು ಉಸಿರಿಗೆ ಒದ್ದಾಡಿ ಹೋದದ್ದನ್ನು ಕಂಡಿದ್ದರು. ಆ ವಿಷಯ ಅವರು ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ.

"ಹೋದ ಗುರುವಾರ ಹೆಂಗಿದ್ವು ಇವು?"

ವಾಮದೇವಪ್ಪ ಮೇಲೆ ಸೂರು ನೋಡಿದರು. "ಸ್ವಲ್ಪ ಅಂಟಿಕೊಂಡಿದ್ವು. ಕೈಯಾಗೆ ಉಜ್ಜಿ, ಬೆಚ್ಚಗೆ ಮಾಡಿ, ನಿಮ್ಮ ಬದ್ಲು ಚುಚ್ಚೋ ನರ್ಸ್ ಸ್ವಾತಿ ಕೈಗೆ ಕೊಟ್ಟೆ. ಪಾಪ, ಹೊಸ ಹುಡುಗಿ, ಅಂಟಿದ್ದು ಬಿಡಿಸೋಕೆ ಆಕೀಗೇನು ಗೊತ್ತು."

"ಅದರ ಹಿಂದಿನ ಗುರುವಾರ?"

"ಆವಾಗ್ಲೂ ಅಂಟಿದ್ವೋ ಏನೋ."

"ಅದಕ್ಕೂ ಹಿಂದೆ, ಮೂರನೇ ತಾರೀಖು?"

"ಅಷ್ಟೆಲ್ಲ ಯಾರು ನೆನಪಿಡ್ತಾರೆ? ರಿಜಿಸ್ಟರ್ ಐತಲ್ಲ, ನೋಡ್ರಿ."

ಕಸ್ತೂರಮ್ಮ ರಿಜಿಸ್ಟರ್ ತೆಗೆದರು. ಡಿಸೆಂಬರ್ ಒಂದರಿಂದ ಇಪ್ಪತ್ನಾಲ್ಕರವರೆಗೆ ನಾಲ್ಕು, ನಾಲ್ಕು, ನಾಲ್ಕು. ಆ ದಿನದ ಸಂಜೆಯ ನಾಲ್ಕೂ ಆಗಲೇ ಬಂದು ಕೂತಿತ್ತು. ಗೋಡೆಯ ಗಡಿಯಾರ ಒಂಬತ್ತೂಕಾಲು ತೋರಿಸುತ್ತಿತ್ತು.

ಆರು ವರ್ಷದಲ್ಲಿ ಆ ರಿಜಿಸ್ಟರು ನಿಜವಾಗಿ ಬೇಕಾದದ್ದು ಅದೊಂದೇ ದಿನ. ನಿಜವಾದ ಅಂಕಿ ಬರೆದಿದ್ದರೆ ಯಾವ ದಿನ ಗಡ್ಡೆಕಟ್ಟಿತೆಂದು ತಿಳಿಯುತ್ತಿತ್ತು, ಅದರಾಚೆಗೆ ಚುಚ್ಚಿಸಿಕೊಂಡವರನ್ನು ಮಾತ್ರ ಹುಡುಕಿದರೆ ಸಾಕಾಗುತ್ತಿತ್ತು. ಈಗ ಮೂರೂ ಗುರುವಾರದವರು ಲೆಕ್ಕಕ್ಕೆ ಬಂದರು: ಅರವತ್ತಮೂರು ಮಕ್ಕಳು, ಹತ್ತೊಂಬತ್ತು ಬಸುರಿಯರು. ಅಷ್ಟೂ ಜನರ ಲಸಿಕೆ ಕಾರ್ಡಿನಲ್ಲಿ ಸಹಿ ಬಿದ್ದಿತ್ತು. ಅವರೆಲ್ಲ ನೆಮ್ಮದಿಯಾಗಿದ್ದರು.

ಕಸ್ತೂರಮ್ಮ ಪ್ಲಾಸ್ಟರ್ ಕಿತ್ತು ನಾಬನ್ನು ಹಿಂದಕ್ಕೆ ತಿರುಗಿಸಿದರು. ಗಡ್ಡೆಕಟ್ಟಿದ ಸೀಸೆಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿ 'ಬಳಸಬೇಡಿ' ಎಂದು ಚೀಟಿ ಹಚ್ಚಿದರು. ಬಂದಿದ್ದ ತಾಯಂದಿರ ಕೂಸುಗಳಿಗೆ ಪೋಲಿಯೋ ಹನಿ ಹಾಕಿ ಕಳಿಸಿದರು. ಆಮೇಲೆ ಡಾಕ್ಟರ ಕೋಣೆಗೆ ಹೋದರು.

ಡಾಕ್ಟರ್ ಪ್ರಶಾಂತ ವಯಸ್ಸಿನಲ್ಲಿ ಚಿಕ್ಕವರು, ಮುಂದೆ ಓದುವ ತಯಾರಿಯಲ್ಲಿದ್ದರು. ಎಲ್ಲ ಕೇಳಿ ಪುಸ್ತಕ ಮುಚ್ಚಿದರು.

"ಕೊಟ್ಟಿದ್ದು ಕೊಟ್ಟಿಲ್ಲ ಅಂತಲೇ ಲೆಕ್ಕ ಮೇಡಮ್. ಮತ್ತೆ ಕೊಡ್ಬೇಕು, ಎಲ್ಲರಿಗೂ. ಆದ್ರೆ ಸದ್ದಿಲ್ದಂಗೆ ಆಗಲ್ವಾ? ವಿಶೇಷ ಸುತ್ತು ಅಂತ ಏನೋ ಒಂದು ಹೆಸರಿಟ್ಟು..."

"ಹೆಸರಿಡಬೋದು ಸರ್. ಔಷಧಿ ಎಲ್ಲಿಂದ ತರೋಣ? ಮುನ್ನೂರು ಡೋಸ್ ಕೆಟ್ಟೈತೆ."

ಮಾರನೇ ದಿನ ಕ್ರಿಸ್‌ಮಸ್ ರಜೆ. ಶನಿವಾರ ಕಸ್ತೂರಮ್ಮ ಡಬ್ಬಿ, ಬೇಡಿಕೆ ಪತ್ರ, ರಿಜಿಸ್ಟರು ಹಿಡಿದು ದಾವಣಗೆರೆಯ ಬಸ್ ಹತ್ತಿದರು. ಲಸಿಕೆ ಉಗ್ರಾಣದ ಗುಮಾಸ್ತ ಕೊಟ್ಟೂರಪ್ಪ ಹಳೇ ಪರಿಚಯ, ಒಳ್ಳೆಯವನು. ಅವನು ರಿಜಿಸ್ಟರನ್ನು ಕಣ್ಣಿಗೊತ್ತಿಕೊಳ್ಳುವಂತೆ ತೆರೆದ.

"ಏನ್ ರಿಜಿಸ್ಟರ್ ಅಕ್ಕಾರೆ! ಜಿಲ್ಲೆಯಾಗೆ ಹಿಂಗ್ ಯಾರೂ ಇಟ್ಟಿಲ್ಲ. ನಾಲ್ಕು ಬಿಟ್ಟು ಅಲ್ಲಾಡಿಲ್ಲ. ಇಂಥಾ ಫ್ರಿಜ್ಜಿನಾಗೆ ಔಷಧಿ ಗಡ್ಡೆ ಕಟ್ಟೋದು ಹೆಂಗೆ?"

ಕಸ್ತೂರಮ್ಮ ಡಬ್ಬಿ ತೆರೆದು ಒಂದು ಸೀಸೆ ಎತ್ತಿ ಮೇಜಿನ ಮೇಲಿಟ್ಟರು. ಅಷ್ಟರಲ್ಲಿ ಕರಗಿತ್ತು. ಕುಲುಕಿ ಇಟ್ಟರೆ ಒಳಗೆ ಅವಲಕ್ಕಿ ಹುಡಿಯಂಥ ಚಕ್ಕೆ ಬೇಗ ಬೇಗ ತಳಕ್ಕೆ ಇಳಿಯಿತು, ಮೇಲೆ ನೀರು ತಿಳಿಯಾಯಿತು. ಕೊಟ್ಟೂರಪ್ಪನಿಗೆ ಅದರ ಅರ್ಥ ಗೊತ್ತಿತ್ತು. ಸೀಸೆಯನ್ನು ನೋಡಿದ, ರಿಜಿಸ್ಟರ್ ನೋಡಿದ. ದುಃಖದಿಂದ ಹೇಳಿದ:

"ಕಣ್ಣಿಗೆ ಕಾಣೋದು ಆಡಿಟ್‌ಗೆ ಕಾಣಲ್ಲ ಅಕ್ಕಾರೆ. ಹಾಳಾಗಿದ್ದಕ್ಕೆ ಕಾರಣ ಬರೀಬೇಕು. ಕರೆಂಟ್ ಹೋಗಿ ಹಾಳಾತು ಅಂದ್ರೆ ಅದಕ್ಕೊಂದು ಕಾಲಂ ಐತೆ. ಕರೆಂಟ್ ಬಂದು ಹಾಳಾತು ಅಂದ್ರೆ ಎಲ್ಲಿ ಬರೀಲಿ ನಾನು?"

"ಹೊಸ ಕಾಲಂ ಹಾಕ್ರಿ."

"ಕಾಲಂ ಹಾಕೋರು ಬೆಂಗಳೂರಾಗೆ ಅದಾರೆ." ಕೊಟ್ಟೂರಪ್ಪ ಧ್ವನಿ ತಗ್ಗಿಸಿದ. "ಒಂದ್ ಮಾತು ಹೇಳ್ತೀನಿ ಕೇಳ್ರಿ. ಮೂರು ದಿನ ಕರೆಂಟ್ ಇರ್ಲಿಲ್ಲ ಅಂತ ಒಂದು ಸಾಲು ಬರ್ಕೊಡ್ರಿ. ಇವತ್ತೇ ಮುನ್ನೂರು ಡೋಸ್ ಕೊಡ್ತೀನಿ, ಚಾ ಕುಡಿಸಿ ಕಳಿಸ್ತೀನಿ."

ಕಸ್ತೂರಮ್ಮನಿಗೆ ಆಸೆಯಾಯಿತು. ಒಂದು ಸಾಲು ಬರೆದರೆ ಸಂಜೆಯ ಬಸ್ಸಿಗೆ ಔಷಧಿ ಕೈಯಲ್ಲಿ. ಆದರೆ ಅವರು ಆ ಸಾಲಿನ ಬೆನ್ನು ಹತ್ತಿ ಸ್ವಲ್ಪ ದೂರ ಹೋಗಿ ನೋಡಿದರು. ಕರೆಂಟ್ ಇರಲಿಲ್ಲ ಎಂದು ಬರೆದ ಕಾಗದ ಇಂದಲ್ಲ ನಾಳೆ ಕರೆಂಟ್ ಆಫೀಸಿಗೆ ಹೋಗುತ್ತದೆ. ಅಲ್ಲಿನವರು ಹದಿನೇಳು ಅರ್ಜಿ ಮುಂದಿಟ್ಟು "ಕೊಟ್ಟ ಲೈನು ಕೆಲಸಕ್ಕೆ ಬರಲಿಲ್ಲವೇ? ಸರಿ, ವಾಪಸ್ ತಗೋತೀವಿ" ಎನ್ನುತ್ತಾರೆ. ಕರೆಂಟ್ ಹೋಗಿ ಫ್ರಿಜ್ಜು ಬಿಸಿಯಾಯಿತು ಎಂದರೆ ಚೆನ್ನಾಗಿರುವ ಪೋಲಿಯೋ ಹನಿಯನ್ನೂ ಚೆಲ್ಲಬೇಕು. ಬಿಸಿಗೆ ಹೆದರಿ ನಾಬನ್ನು ಮತ್ತೆ ಕಡೇ ಗೀಟಿಗೇ ತಿರುಗಿಸು ಎಂದು ಮೇಲಿನಿಂದ ಆಜ್ಞೆಯೂ ಬರುತ್ತದೆ. ಸುಳ್ಳು ಚಿಕ್ಕದೇ ಆಗಿದ್ದರೂ ಅದರ ಸಂಸಾರ ದೊಡ್ಡದು.

"ಬ್ಯಾಡ ಕೊಟ್ಟೂರಪ್ಪ. ನಿಜ ಬರೀಬೇಕಂದ್ರೆ ಏನ್ ಬೇಕು?"

"ರಿಜಿಸ್ಟರ್ ಸುಳ್ಳು ಅಂತ ಅದನ್ನ ಬರೆದೋರೇ ಬರ್ಕೊಡ್ಬೇಕು. ಸಹಿ ಹಾಕಿ." ಅವನು ನಕ್ಕ. "ಅದು ಆಗೋ ಮಾತಾ?"

ಸೋಮವಾರ ಬೆಳಿಗ್ಗೆ ವಾಮದೇವಪ್ಪ ಅದನ್ನೇ ಹೇಳಿದರು. ಅದು ಆಗುವ ಮಾತಲ್ಲ.

"ಮೂವತ್ಮೂರು ವರ್ಷ ಸರ್ವೀಸು. ಒಂದ್ ಮೆಮೋ ಇಲ್ಲ. ಇನ್ನು ಹದಿನಾಲ್ಕು ತಿಂಗಳಿಗೆ ರಿಟೈರು. ನೀವು ನನ್ನ ಕೈಯಾಗೇ ನನ್ನ ಕುತ್ತಿಗೆ ಕೊಯ್ಯಿಸ್ತೀರಾ? ಮ್ಯಾಲೆ ಪ್ರಶಸ್ತಿ ಬರೋ ಹೊತ್ನಾಗೆ!"

ಕಸ್ತೂರಮ್ಮ ಜಗಳಕ್ಕೆ ಹೋಗಲಿಲ್ಲ. ಮೂರೂ ಗುರುವಾರದ ಮಕ್ಕಳ ಪಟ್ಟಿಯನ್ನು ಅವರ ಮುಂದಿಟ್ಟು ಪೆನ್ಸಿಲ್ ಕೊಟ್ಟರು.

"ಬ್ಯಾಡ ಬಿಡ್ರಿ. ಹರಿಹರದ ದೊಡ್ಡಾಸ್ಪತ್ರೆಯಾಗೆ ಕೇಳಿ ನಲವತ್ತು ಡೋಸ್ ಹೊಂದಿಸ್ತೀನಿ. ಮಕ್ಕಳು ಅರವತ್ತಮೂರು ಅದಾವೆ. ಇಪ್ಪತ್ಮೂರು ಬಿಡ್ಬೇಕು. ಫ್ರಿಜ್ಜು ನಿಮ್ದು, ಯಾರನ್ನ ಬಿಡೋದು ಅಂತ ನೀವೇ ಗುರುತು ಹಾಕ್ರಿ."

"ಮೂರನೇ ತಾರೀಖಿನೋರು ಬ್ಯಾಡ," ಎಂದರು ವಾಮದೇವಪ್ಪ ತಕ್ಷಣ. "ಕರೆಂಟ್ ಬಂದು ಎರಡೇ ದಿನ ಆಗಿತ್ತು. ಅಷ್ಟು ಬೇಗ ಗಡ್ಡೆ ಕಟ್ಟಲ್ಲ."

"ಸರಿ. ಆ ಹೆಸರುಗಳ ಮುಂದೆ ಒಂದು ಮಾತು ಬರೀರಿ. ಈ ಕೂಸಿಗೆ ಕೊಟ್ಟಿದ್ದು ಚಲೋ ಔಷಧಿ ಅಂತ. ಬರೆದು ಸಹಿ ಹಾಕ್ರಿ, ಸಾಕು."

ಕಸ್ತೂರಮ್ಮ ಎದ್ದು ಹೋದರು. ಸ್ವಾತಿ ಹತ್ತಿ ಸುತ್ತುತ್ತ ಮೂಲೆಯಲ್ಲಿದ್ದಳು. ವಾಮದೇವಪ್ಪ ಮೊದಲನೇ ಹೆಸರಿನ ಮುಂದೆ ಪೆನ್ಸಿಲ್ ಇಟ್ಟರು. ಸಾರಥಿ ಹಳ್ಳಿಯ ಎರಡು ಕೂಸು, ಆಮೇಲೊಂದು ಅವಳಿ ಜವಳಿ, ಆಮೇಲೆ ನಸೀಮಾಳ ಮಗ, ನಾಲ್ಕು ತಿಂಗಳು. ನಾಲ್ಕು ಸಾವಿರ ಸಲ ಕಣ್ಣುಮುಚ್ಚಿ ನಾಲ್ಕು ಬರೆದ ಕೈ ಅದು. ಫ್ರಿಜ್ಜಿನ ಬಗ್ಗೆ ಸುಳ್ಳು ಬರೆಯುವುದು ಸುಲಭ, ಫ್ರಿಜ್ಜಿಗೆ ಹೆಸರಿರುವುದಿಲ್ಲ. ಅರ್ಧ ಗಂಟೆ ಕೂತರು. ಪೆನ್ಸಿಲಿನ ಮೊನೆ ಮುರಿಯಿತೇ ಹೊರತು ಅಕ್ಷರ ಮೂಡಲಿಲ್ಲ.

"ಸ್ವಾತಿ," ಎಂದರು ಕೊನೆಗೆ, "ಬಿಳೀ ಹಾಳೆ ಐತೇನವ್ವಾ?"

ಹೇಳಿಕೆ ಬಹಳ ಚೆಂದವಾಗಿತ್ತು. ದುಂಡಗಿನ ಅಕ್ಷರ, ಎಡಕ್ಕೆ ಅಂಚು ಬಿಟ್ಟು. "ಸದರಿ ರಿಜಿಸ್ಟರಿನಲ್ಲಿ ಕಾಣಿಸಿರುವ ಉಷ್ಣಾಂಶಗಳನ್ನು ನಾನು ನೋಡಿ ಬರೆದಿರುವುದಿಲ್ಲ. ಫ್ರಿಜ್ಜಿನ ನಾಬನ್ನು ಕಡೇ ಗೀಟಿನಲ್ಲಿಟ್ಟವನೂ, ಡಿಪಿಟಿಯನ್ನು ತಳದಲ್ಲಿಟ್ಟವನೂ ನಾನೇ" ಎಂದು ಮೊದಲಾಗಿ. ಡಾಕ್ಟರ್ ಪ್ರಶಾಂತ ಅದನ್ನು ಎರಡು ಸಲ ಓದಿ ಕೆಳಗೆ ಮೊಹರು ಹಾಕಿದರು.

ಅಂದಿನಿಂದ ವಾಮದೇವಪ್ಪ ಬೆಳಿಗ್ಗೆ, ಸಂಜೆ ಬಾಗಿಲು ತೆಗೆದು, ಮುಳ್ಳು ನೋಡಿ, ತಟ್ಟನೆ ಮುಚ್ಚಿ ಬರೆಯತೊಡಗಿದರು. ಮೂರು, ಐದು, ಆರು, ಐದು. ಪುಟ ನೋಡಲು ಕೆಟ್ಟದಾಗಿತ್ತು. ಫ್ರಿಜ್ಜು ಸರಿಯಾಗಿತ್ತು.

ಜನವರಿ ಎಂಟಕ್ಕೆ ಜಿಲ್ಲಾ ಜೀಪು ಬಂತು. ಒಂದೇ ಜೀಪಿನಲ್ಲಿ ಮೂರು ಬಂದವು: ಮುನ್ನೂರು ಡೋಸ್ ಡಿಪಿಟಿ ಮತ್ತು ಟಿಟಿ, ವಾಮದೇವಪ್ಪನವರಿಗೆ ಒಂದು ಮೆಮೋ, ಹೊನ್ನಮರಡಿಯ ಬದಲು ಬೇರೊಂದು ಕೇಂದ್ರವನ್ನು ಮಾದರಿ ಎಂದು ಆರಿಸಿದ ಆದೇಶದ ಪ್ರತಿ. ಹೊಸ ಮಾದರಿ ಕೇಂದ್ರದ ರಿಜಿಸ್ಟರಿನಲ್ಲಿ ವರ್ಷವಿಡೀ ಐದು ಡಿಗ್ರಿ ಇತ್ತಂತೆ. ಜೀಪಿನ ಚಾಲಕ ಹೇಳಿದ. ವಾಮದೇವಪ್ಪ ಮೆಮೋವನ್ನು ಓದಿ, ಮಡಿಸಿ, ಜೇಬಿಗಿಟ್ಟುಕೊಂಡು, "ಐದಾ? ನಮಗೆ ಹೊಳೀಲಿಲ್ಲ ನೋಡು" ಎಂದರು.

ಮಾರನೇ ದಿನ ಅವರು ಮೂರು ವರ್ಷದಿಂದ ಮಾಡದ ಕೆಲಸ ಮಾಡಿದರು. ಕಸ್ತೂರಮ್ಮ, ಸ್ವಾತಿಯರ ಜೊತೆ ತಾವೂ ಹಳ್ಳಿಗೆ ಹೊರಟರು. ಲಸಿಕೆ ಒಯ್ಯುವ ಡಬ್ಬಿಗೆ ಹಾಕುವ ಐಸಿನ ಪ್ಲಾಸ್ಟಿಕ್ ಬಿಲ್ಲೆಗಳನ್ನು ಹೊರಗಿಟ್ಟು, ಒಂದೊಂದನ್ನೇ ಕಿವಿಯ ಹತ್ತಿರ ಕುಲುಕಿ, ಒಳಗೆ ನೀರಿನ ಸದ್ದು ಕೇಳುವ ತನಕ ಕಾದರು. ಈಗಷ್ಟೇ ತೆಗೆದ ಗಟ್ಟಿ ಬಿಲ್ಲೆ ತಾಗಿದರೆ ಡಿಪಿಟಿ ದಾರಿಯಲ್ಲೇ ಗಡ್ಡೆಕಟ್ಟುತ್ತದೆ.

"ಬಸ್ ಹೋಗ್ತತೆ ಸರ್," ಎಂದಳು ಸ್ವಾತಿ.

"ಹೋಗ್ಲಿ. ಈ ಬಿಲ್ಲೆ ಇನ್ನೂ ಮಾತಾಡ್ತಿಲ್ಲ," ಎಂದರು, ಬಿಲ್ಲೆಯನ್ನು ಕಿವಿಗೆ ಒತ್ತಿಕೊಂಡು.

ಸಾರಥಿಯಲ್ಲಿ ಮೊದಲ ಮನೆ ಮರಿಯವ್ವನದು. ಆಕೆಯ ಮೊಮ್ಮಗಳಿಗೆ ಡಿಸೆಂಬರ್ ಹತ್ತನೇ ತಾರೀಖು ಚುಚ್ಚಿದ್ದರು. ಮುದುಕಿ ಕಟ್ಟೆಯ ಮೇಲೆ ಕೂಸನ್ನು ತೊಡೆಗೆ ಹಾಕಿಕೊಂಡು ಕೂತಿದ್ದಳು. ನರ್ಸಮ್ಮನನ್ನು ಕಂಡೊಡನೆ ಸೆರಗು ಮುಚ್ಚಿದಳು, ಕೂಸಿನ ಮೇಲೆ.

"ಮೊನ್ನೆ ಚುಚ್ಚಿದ್ರಲ್ಲ? ಎಲ್ಡ್ ದಿನ ಜ್ವರ ಬಂದು ಮನೀ ಮಂದಿನ್ನೆಲ್ಲ ಎಬ್ಬಿಸೈತೆ. ಮತ್ಯಾಕ?"

ಸ್ವಾತಿ 'ವಿಶೇಷ ಸುತ್ತು' ಎಂದು ಬಾಯಿ ತೆರೆದಳು. ವಾಮದೇವಪ್ಪ ಡಬ್ಬಿ ಕೆಳಗಿಟ್ಟರು.

"ಆ ಔಷಧಿ ಕೆಟ್ಟಿತ್ತು ತಾಯಿ. ಮೈಗೆ ತೊಂದ್ರೆ ಇಲ್ಲ, ಆದ್ರೆ ರೋಗ ತಡೆಯೋ ಭರವಸೆ ಇಲ್ಲ. ತಂಪು ಜಾಸ್ತಿ ಆಗಿ ಒಡೀತು. ನನ್ನ ಕೈಯಿಂದ ಆದ ತಪ್ಪು."

ಮರಿಯವ್ವ ಅವರನ್ನು ಮೇಲಿಂದ ಕೆಳಗೆ ನೋಡಿದಳು.

"ಒಡೆದ ಹಾಲಾದ್ರೆ ನಾವು ಚೆಲ್ಲಿ, ಪಾತ್ರೆ ತೊಳೆದು ಬ್ಯಾರೆ ಕಾಸ್ತೀವಿ. ನೀವು ಒಡೆದದ್ದನ್ನ ನಮ್ಮ ಕೂಸಿಗೆ ಹಾಕಿ ಹೋಗಿದ್ರಾ?"

"ಹೌದು ತಾಯಿ."

"ಕರೆಂಟ್ ಹೋದ್ರೂ ಕೆಡ್ತತಂತೆ, ಬಂದ್ರೂ ಕೆಡ್ತತಂತೆ. ನಮ್ಮ ಸೊಸೀಗಿಂತ ನಾಜೂಕು ಆತಲ್ಲ ನಿಮ್ಮ ಔಷಧಿ!" ಒಳಗಿನಿಂದ ಸೊಸೆ ಏನೋ ಅಂದದ್ದು ಕೇಳಿಸಿತು. ಮುದುಕಿ ಕೇಳಿಸದವಳಂತೆ ಮುಂದುವರಿಸಿದಳು: "ಈಗಿಂದು ಒಡೆದಿಲ್ಲ ಅಂತ ಹೆಂಗ್ ನಂಬ್ಲಿ?"

ಇಡೀ ಜಿಲ್ಲೆಯಲ್ಲಿ ಆ ಪ್ರಶ್ನೆ ಕೇಳಿದ್ದು ಆಕೆಯೊಬ್ಬಳೇ. ವಾಮದೇವಪ್ಪ ಒಂದು ಹೊಸ ಸೀಸೆ ತೆಗೆದು, ಕುಲುಕಿ, ಆಕೆಯ ಕಣ್ಣ ಮುಂದೆ ಹಿಡಿದರು. ಬಿಳಿಯಾಗಿ, ಮಜ್ಜಿಗೆಯ ಹಾಗೆ ಒಂದೇ ಸಮ. ಸ್ವಲ್ಪ ಹೊತ್ತು ಕಾದರು. ಚಕ್ಕೆ ಕಾಣಲಿಲ್ಲ, ತಳಕ್ಕೆ ಏನೂ ಇಳಿಯಲಿಲ್ಲ.

"ಇದು ಚಲೋ ಐತೆ," ಎಂದು ತೀರ್ಪು ಕೊಟ್ಟಳು ಮರಿಯವ್ವ. "ಆದ್ರೆ ತಪ್ಪು ಮಾಡಿದೋರು ನೀವು. ಕೂಸಿನ್ನ ನೀವೇ ಹಿಡ್ಕೊಳ್ರಿ. ಅದರ ಅಳು ನನಗೆ ನೋಡಾಕ ಆಗಲ್ಲ."

ಮೂವತ್ಮೂರು ವರ್ಷ ಔಷಧಿ ಕೊಟ್ಟ ಮನುಷ್ಯ ಚುಚ್ಚಿಸಿಕೊಳ್ಳುವ ಕೂಸನ್ನು ಒಮ್ಮೆಯೂ ಹಿಡಿದಿರಲಿಲ್ಲ. ಕಟ್ಟೆಯ ಮೇಲೆ ಕೂತು ತೊಡೆಗೆ ಹಾಕಿಕೊಂಡರು. ಕಸ್ತೂರಮ್ಮ ಸೂಜಿ ಇಳಿಸಿದರು. ಕೂಸು ಉಸಿರು ಹಿಡಿದು, ಕೆಂಪಾಗಿ, ಊರಿಗೆಲ್ಲ ಕೇಳುವಂತೆ ಚೀರಿ, ಅವರ ಕನ್ನಡಕ ಕಿತ್ತು ಬಿಸಾಡಿತು. ಆಮೇಲೆ ಪಂಚೆಯನ್ನೂ ಒದ್ದೆ ಮಾಡಿತು.

"ಗಂಟಲು ಗಟ್ಟಿ ಐತೆ," ಎಂದರು ಕಸ್ತೂರಮ್ಮ. ಅವರ ಕಣ್ಣಲ್ಲಿ ನೀರಿದ್ದದ್ದು ಯಾರಿಗೂ ಕಾಣಲಿಲ್ಲ. "ಹಿಂಗೇ ಗಟ್ಟಿ ಇರ್ಲಿ."

ಹದಿನಾಲ್ಕು ದಿನ ಊರೂರು ಸುತ್ತಿದರು. ಹತ್ತೊಂಬತ್ತು ಬಸುರಿಯರಿಗೂ ಅರವತ್ತೆರಡು ಮಕ್ಕಳಿಗೂ ಚುಚ್ಚಿ ಮುಗಿಯಿತು. ಪಟ್ಟಿಯಲ್ಲಿ ಉಳಿದದ್ದು ನಸೀಮಾಳ ಮಗ. ಆಕೆ ಕೂಸಿನೊಂದಿಗೆ ಬಾತಿ ಹಳ್ಳಿಯ ತವರಿಗೆ ಹೋಗಿದ್ದಳು. ಒಂದು ಕೂಸಿಗೆಂದು ಡಬ್ಬಿ ಹೊತ್ತು ಅಷ್ಟು ದೂರ ಹೋದರೆ ಹತ್ತು ಡೋಸಿನ ಸೀಸೆಯಲ್ಲಿ ಒಂಬತ್ತು ದಂಡ, ಅದಕ್ಕೂ ಮೇಲಿನವರು ಕಾರಣ ಕೇಳುತ್ತಾರೆ, ಆಕೆಯೇ ಬರಲಿ ಬಿಡಿ ಎಂದು ಡಾಕ್ಟರ್ ಪ್ರಶಾಂತ ಹೇಳಿದರು.

ವಾಮದೇವಪ್ಪ ಆಗಲೇ ಐಸಿನ ಬಿಲ್ಲೆ ಹೊರಗಿಟ್ಟು ಕಿವಿಗೆ ಹಿಡಿದು ನಿಂತಿದ್ದರು.

"ಕಾರಣ ಕೇಳ್ಲಿ ಬಿಡ್ರಿ ಸರ್," ಎಂದರು, "ಒಂದು ಮೆಮೋ ಬಂದಾತು. ಎರಡನೇದಕ್ಕೆ ಅಷ್ಟೇನ್ ಉರಿ ಇರಲ್ಲ. ಅಕ್ಕಾರೆ, ಬಾತಿ ಕಡೆ ಬಸ್ ಎಷ್ಟೊತ್ತಿಗೆ?"